ಮೂರು ಜೋಡಿಸಿಟ್ಟೂ ಕೆಂಪು ಸೋತಿದ್ದೇಕೆ? ಬೆಸ ಸಾಲು, ಸಮ ಸಾಲಿನ ಬೆದರಿಕೆ ಹುಡುಕುವುದು ಹೇಗೆ?

ಮಲೆನಾಡ್_ಮಳೆ

ಎಲ್ಲರಿಗೂ ನಮಸ್ಕಾರ. ಕನೆಕ್ಟ್ ಫೋರ್ ಬಗ್ಗೆ ಒಂದು ಪ್ರಶ್ನೆ. ಭಾನುವಾರ ನನ್ನ ಮಗಳು ಮತ್ತು ಅವಳ ಮಾವ ಫೋನಿನಲ್ಲಿ ಆಡಿದ ಆಟ ಇದು. ಮಗಳು ಕೆಂಪು, ಮೊದಲ ಬಿಲ್ಲೆ ಅವಳದ್ದು. ಮಾವ ಹಳದಿ. 32 ಬಿಲ್ಲೆ ಬಿದ್ದ ಮೇಲೆ ಹಲಗೆ ಹೀಗಿತ್ತು. ● ಕೆಂಪು, ○ ಹಳದಿ, ಚುಕ್ಕಿ ಇರುವುದು ಖಾಲಿ ಮನೆ.

```
6 | · ○ ○ ● ○ · ·
5 | · ● ● ○ ● ○ ·
4 | · ○ ○ ○ ● ○ ·
3 | · ● ○ ● ● ● ·
2 | ○ ● ● ● ○ ○ ·
1 | ● ○ ● ○ ● ○ ●
    1 2 3 4 5 6 7
```

ಈಗ ಕೆಂಪಿನ ಸರದಿ. ಮೂರನೇ ಸಾಲಿನಲ್ಲಿ ಅವಳದ್ದು ಮೂರು ಪಕ್ಕಪಕ್ಕ ಕೂತಿವೆ. ಏಳನೇ ಕಾಲಮ್‌ನ ಮೂರನೇ ಸಾಲು ಸಿಕ್ಕರೆ ಆಟ ಅವಳದ್ದೇ. ನಾಲ್ಕನೇ ಸಾಲಿನಲ್ಲಿ ಮಾವನದ್ದೂ ಮೂರಿವೆ, ಅವರಿಗೆ ಒಂದನೇ ಕಾಲಮ್‌ನ ನಾಲ್ಕನೇ ಸಾಲು ಬೇಕು.

ಅವಳು ಏಳನೇ ಕಾಲಮ್‌ಗೆ ಹಾಕಿದಳು. ಮಾವ ತಕ್ಷಣ ಅದರ ಮೇಲೆ ಹಾಕಿ ಅಡ್ಡಗಟ್ಟಿದರು. ಆಮೇಲೆ ನಾಲ್ಕು ಬಿಲ್ಲೆ ಅಲ್ಲಿ ಇಲ್ಲಿ ಬಿದ್ದವು. ಕೊನೆಗೆ ಅವಳಿಗೆ ಒಂದನೇ ಕಾಲಮ್ ಬಿಟ್ಟು ಬೇರೆ ಜಾಗವೇ ಉಳಿಯಲಿಲ್ಲ. ಹಾಕಿದಳು, ಮಾವ ಅದರ ಮೇಲಿಟ್ಟು ಗೆದ್ದರು. "ಬೆಸ-ಸಮ ನೋಡ್ಕೊಂಡು ಆಡ್ಬೇಕು ಪುಟ್ಟಿ" ಅಂತ ಹೇಳಿ ಊರಿಗೆ ಹೊರಟೇಬಿಟ್ಟರು. ಬೆಸ-ಸಮ ಅಂದರೆ ಏನು? ಅವಳು ಎಲ್ಲಿ ಹಾಕಬೇಕಿತ್ತು? ಅಥವಾ ಅಷ್ಟು ಹೊತ್ತಿಗೆ ಆಟ ಕೈಬಿಟ್ಟು ಹೋಗಿತ್ತಾ?

---

ಬಯಲುಸೀಮೆ

ನಾನು ಯಾವಾಗಲೂ ಬೆಸ ಕಾಲಮ್‌ಗಳನ್ನು ಹಿಡಿದು ಆಡ್ತೀನಿ. 1, 3, 5, 7. ಎದುರಿನವರಿಗೆ ಸಮ ಕಾಲಮ್ ಮೂರೇ ಉಳಿಯುತ್ತವೆ. ಮಾವ ಹೇಳಿದ್ದು ಇದೇ ಇರಬೇಕು. ನಮ್ಮ ಹಾಸ್ಟೆಲ್‌ನಲ್ಲಿ ಇದು ಚೆನ್ನಾಗಿ ನಡೀತಿತ್ತು.

---

ಏಳು_ಕಾಲಮ್

ಬಯಲುಸೀಮೆ ಅವರೇ, ಮಾವ ಹೇಳಿದ್ದು ಕಾಲಮ್‌ಗಳ ವಿಷಯ ಅಲ್ಲ, ಅಡ್ಡ ಸಾಲುಗಳ ವಿಷಯ. ಕೆಳಗಿಂದ ಎಣಿಸಿದರೆ 1, 3, 5 ಬೆಸ ಸಾಲು. 2, 4, 6 ಸಮ ಸಾಲು.

ಮಲೆನಾಡ್_ಮಳೆ ಅವರೇ, ಆಟ ಕೈಬಿಟ್ಟು ಹೋಗಿರಲಿಲ್ಲ. ನಿಮ್ಮ ಮಗಳು ಗೆಲ್ಲುವ ಜಾಗದಲ್ಲಿ ನಿಂತಿದ್ದಳು. ಅವಳ ಮುಂದೆ ಇದ್ದದ್ದು ಮೂರೇ ಆಯ್ಕೆ: ಒಂದನೇ ಕಾಲಮ್, ಆರನೇ ಕಾಲಮ್, ಏಳನೇ ಕಾಲಮ್. ಅದರಲ್ಲಿ ಎರಡು ಸೋಲು, ಒಂದು ಗೆಲುವು. ಗೆಲ್ಲುವುದು ಆರನೇ ಕಾಲಮ್. ನೋಡೋಕೆ ಅಲ್ಲಿ ಏನೂ ಇಲ್ಲ. ಮೇಲ್ತುದಿಯಲ್ಲಿ ಒಂದೇ ಒಂದು ಖಾಲಿ ಮನೆ, ಯಾವ ನಾಲ್ಕಕ್ಕೂ ಸೇರದ್ದು. ಆದರೂ ಅದೇ ಸರಿ.

ಮನೆಗಳನ್ನು ನಾನು ಕಾಲಮ್-ಸಾಲು ಅಂತ ಬರೀತೀನಿ. 7-3 ಅಂದ್ರೆ ಏಳನೇ ಕಾಲಮ್, ಮೂರನೇ ಸಾಲು.

ಕೆಂಪು 6-6 ಹಾಕಿತು ಅಂದುಕೊಳ್ಳಿ. ಈಗ 33 ಬಿಲ್ಲೆ ಬಿದ್ದಿವೆ, ಹಳದಿಯ ಸರದಿ. ತೆರೆದಿರುವುದು ಎರಡೇ ಕಾಲಮ್. ಹಳದಿ 7-2 ಹಾಕಿದರೆ ಕೆಂಪು ಅದರ ಮೇಲೆ 7-3 ಇಟ್ಟು ಆಗಲೇ ಗೆಲ್ಲುತ್ತದೆ. ಹಾಗಾಗಿ ಹಳದಿ ಒಂದನೇ ಕಾಲಮ್‌ಗೇ ಹೋಗಬೇಕು. 1-3 ಹಳದಿ, 1-4 ಕೆಂಪು. ಅಲ್ಲಿಗೆ ಮಾವನ ಬೆದರಿಕೆ ಮುಗಿಯಿತು. 1-5 ಹಳದಿ, 1-6 ಕೆಂಪು. ಕಾಲಮ್ ತುಂಬಿತು, ಮತ್ತೆ ಹಳದಿಯದ್ದೇ ಸರದಿ. ಉಳಿದಿರುವುದು 7-2 ಒಂದೇ. ಇಷ್ಟ ಇಲ್ಲದಿದ್ದರೂ ಹಾಕಲೇಬೇಕು. ಹಾಕಿದ ಕೂಡಲೇ 7-3 ಕೆಂಪು. 39ನೇ ಬಿಲ್ಲೆಗೆ ಗೆಲುವು.

ಈಗ ಅವಳು ನಿಜವಾಗಿ ಆಡಿದ್ದನ್ನು ನೋಡಿ. 7-2 ಕೆಂಪು, 7-3 ಹಳದಿ. ಕೆಂಪಿನ ಬೆದರಿಕೆ ಅಲ್ಲೇ ಸತ್ತಿತು. ಒಂದನೇ ಕಾಲಮ್ ಬಿಟ್ಟರೆ ಉಳಿದದ್ದು 6-6, 7-4, 7-5, 7-6. ನಾಲ್ಕು ಮನೆ. ಕೆಂಪು, ಹಳದಿ, ಕೆಂಪು, ಹಳದಿ. ಮತ್ತೆ ಕೆಂಪಿನ ಸರದಿ, 1-3 ಹಾಕಲೇಬೇಕು. 40ನೇ ಬಿಲ್ಲೆಯಾಗಿ 1-4 ಹಳದಿ.

ಇಲ್ಲಿ ಅದೃಷ್ಟದ ಮಾತೇ ಇಲ್ಲ. ಎಣಿಕೆ ಅಷ್ಟೇ.

---

ಮಲೆನಾಡ್_ಮಳೆ

ಓಹ್! ಮಗಳಿಗೆ ಓದಿ ಹೇಳಿದೆ. ಅವಳ ಪ್ರಶ್ನೆ: "ನನ್ನ ಮೂರು ರೆಡಿ ಇತ್ತಲ್ವಾ, ಮಾವನಾದ್ರೂ ಅದರ ಕೆಳಗೆ ಯಾಕೆ ಹಾಕ್ತಾರೆ? ಅದಕ್ಕೇ ನಾನೇ ಹಾಕಿದೆ."

---

ಏಳು_ಕಾಲಮ್

ಅವಳ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿದೆ. ಬೆದರಿಕೆಯ ಕೆಳಗಿನ ಮನೆಗೆ ಯಾರೂ ಇಷ್ಟಪಟ್ಟು ಹಾಕುವುದಿಲ್ಲ. ಎದುರಿನವರು ಹಾಕಿದರೆ ನೀವು ಗೆಲ್ತೀರಿ. ನೀವೇ ಹಾಕಿದರೆ ಎದುರಿನವರು ಮೇಲೆ ಹಾಕಿ ನಿಮ್ಮ ಬೆದರಿಕೆ ಕೆಡಿಸ್ತಾರೆ. ಹಾಗಾಗಿ ಇಬ್ಬರೂ ಆ ಕಾಲಮ್ ಮುಟ್ಟದೆ ಬೇರೆ ಕಡೆ ತುಂಬಿಸ್ತಾ ಹೋಗ್ತಾರೆ. ಬೇರೆ ಜಾಗ ಮುಗಿದಾಗ ಯಾರ ಸರದಿಯೋ ಅವರು ಸಿಕ್ಕಿಹಾಕಿಕೊಳ್ತಾರೆ. ಈ ಆಟದಲ್ಲಿ ಪಾಸ್ ಅನ್ನೋದಿಲ್ಲ, ಸರದಿ ಬಂದರೆ ಹಾಕಲೇಬೇಕು.

ಹಲಗೆಯಲ್ಲಿ 42 ಮನೆ. ಒಂದು ಕಾಲಮ್ ಪೂರ್ತಿ ಖಾಲಿ ಇದ್ದು ಉಳಿದ ಆರೂ ತುಂಬಿವೆ ಅಂದುಕೊಳ್ಳಿ. 36 ಬಿಲ್ಲೆ ಬಿದ್ದಿವೆ, ಸಮ ಸಂಖ್ಯೆ, ಹಾಗಾಗಿ ಮೊದಲು ಆಟ ಶುರು ಮಾಡಿದವರದ್ದೇ ಸರದಿ. ಆ ಕೊನೇ ಕಾಲಮ್‌ನಲ್ಲಿ ಅವರಿಗೆ 1, 3, 5ನೇ ಸಾಲು ಬರುತ್ತೆ. ಎರಡನೆಯವರಿಗೆ 2, 4, 6. ಕೆಂಪಿಗೆ ಬೆಸ ಸಾಲಿನ ಬೆದರಿಕೆ, ಹಳದಿಗೆ ಸಮ ಸಾಲಿನ ಬೆದರಿಕೆ ಬೆಲೆಯುಳ್ಳದ್ದು ಅನ್ನೋದು ಇದಕ್ಕೇ. ಅದೇ ಕೆಂಪಿಗೆ ನಾಲ್ಕನೇ ಸಾಲಿನಲ್ಲಿ ಬೆದರಿಕೆ ಇದೆ, ಬೇರೇನೂ ಇಲ್ಲ ಅಂದರೆ, ಕೊನೆಗೆ ಕೆಂಪೇ ಮೂರನೇ ಸಾಲಿಗೆ ಹಾಕಬೇಕಾಗುತ್ತೆ. ಹಳದಿ ಆರಾಮಾಗಿ ಮೇಲೆ ಹಾಕಿ ಮುಚ್ಚುತ್ತೆ.

ನಿಮ್ಮ ಮಗಳದ್ದು 7-3. ಬೆಸ. ಮೊದಲು ಆಡಿದವಳೂ ಅವಳೇ. ಅದನ್ನು ಮುಟ್ಟದೆ ಸುಮ್ನೆ ಬಿಟ್ಟಿದ್ದರೆ ಸಾಕಿತ್ತು.

---

ತಲೆಮೇಲೆ_ತಲೆ

ಇದನ್ನು ಇಷ್ಟು ಉದ್ದ ಎಳೆಯೋದು ಬೇಡ. ಎರಡು ಸುಲಭ ಸೂತ್ರ ಇದೆ.

ಒಂದು, ಇಬ್ಬರಿಗೂ ಬೆದರಿಕೆ ಇದ್ದರೆ ಯಾರದ್ದು ಕೆಳಗಿನ ಸಾಲಿನಲ್ಲಿದೆಯೋ ಅವರು ಗೆಲ್ತಾರೆ. ಇಲ್ಲಿ ಕೆಂಪಿನದ್ದು 3, ಹಳದಿಯದ್ದು 4. ಅದಕ್ಕೇ ಕೆಂಪು ಗೆಲ್ಲಬೇಕಿತ್ತು.

ಎರಡು, ನೀವು ಎರಡನೆಯವರಾಗಿ ಆಡ್ತಿದ್ದರೆ ಎದುರಿನವರು ಎಲ್ಲಿ ಹಾಕ್ತಾರೋ ಅದರ ತಲೆ ಮೇಲೇ ಹಾಕ್ತಾ ಹೋಗಿ. ಎಲ್ಲಾ ಸಮ ಸಾಲು ನಿಮ್ಮದೇ. ಯೋಚನೆ ಮಾಡೋದೇ ಬೇಡ. ನಾನು ಹೀಗೇ ಆಡೋದು, ಹೆಸರೂ ಅದನ್ನೇ ಇಟ್ಕೊಂಡಿದ್ದೀನಿ.

---

ಏಳು_ಕಾಲಮ್

ಎರಡರಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ಸೋಲಿಸುತ್ತೆ.

ಕೆಳಗಿನ ಸಾಲಿನ ಸೂತ್ರ ಒಂದೇ ಕಾಲಮ್‌ಗೆ ಮಾತ್ರ ಸರಿ. ಏಳನೇ ಕಾಲಮ್‌ನಲ್ಲೇ ಕೆಂಪಿಗೆ 3, ಹಳದಿಗೆ 4 ಇದ್ದರೆ ಕೆಂಪಿನದ್ದು ಮೊದಲು ಬರುತ್ತೆ. ಬೇರೆ ಬೇರೆ ಕಾಲಮ್ ಆದರೆ ಎತ್ತರಕ್ಕೆ ಬೆಲೆ ಇಲ್ಲ. ಇದೇ ಆಟದಲ್ಲಿ ಒಂದನೇ ಕಾಲಮ್ ಪೂರ್ತಿ ಖಾಲಿ, ಹಳದಿಯ ಬೆದರಿಕೆ 1-2ರಲ್ಲಿ ಇದೆ ಅಂದುಕೊಳ್ಳಿ. ಏಳನೇ ಕಾಲಮ್‌ನಲ್ಲಿ ಒಂದು ಬಿಲ್ಲೆ, ಉಳಿದ ಐದು ಕಾಲಮ್ ತುಂಬಿವೆ. 31 ಬಿಲ್ಲೆ ಆಯಿತು, ಹಳದಿಯ ಸರದಿ. ಹಳದಿಯ ಬೆದರಿಕೆ ಎರಡನೇ ಸಾಲು, ಕೆಂಪಿನದ್ದು ಮೂರನೇ ಸಾಲು. ಆದರೂ ಹಳದಿಯೇ 1-1 ಹಾಕಬೇಕು, ಕೆಂಪು 1-2 ಮುಚ್ಚುತ್ತೆ. ಆ ಕಾಲಮ್‌ನ ಆರು ಮನೆ ತುಂಬಿದ ಮೇಲೆ ಮತ್ತೆ ಹಳದಿಯದ್ದೇ ಸರದಿ. 7-2, ಆಮೇಲೆ 7-3. ಕೆಂಪು ಗೆದ್ದಿತು.

ಅಂದರೆ ಕೆಂಪಿನ ಒಂದು ಬೆಸ ಬೆದರಿಕೆ ತನ್ನ ಕಾಲಮ್‌ನಲ್ಲಿ ಮಾತ್ರ ಕೆಲಸ ಮಾಡಲ್ಲ, ಬೇರೆ ಕಾಲಮ್‌ಗಳ ಸರದಿಯನ್ನೂ ತಿರುಗಿಸಿಬಿಡುತ್ತೆ. ಹಳದಿಯ ಸಮ ಬೆದರಿಕೆಗೆ ಆ ಶಕ್ತಿ ಇಲ್ಲ.

ಇನ್ನು ತಲೆ ಮೇಲೆ ಹಾಕುವುದು. ನಾನು ಕೆಂಪು, ನೀವು ಹಳದಿ. ನಾನು ಒಂದನೇ ಕಾಲಮ್, ನೀವು ಅದರ ಮೇಲೆ. ನಾನು ಎರಡು, ನೀವು ಅದರ ಮೇಲೆ. ನಾನು ಮೂರು, ನೀವು ಅದರ ಮೇಲೆ. ನಾನು ನಾಲ್ಕು. ಏಳನೇ ಬಿಲ್ಲೆಗೆ ಕೆಳಗಿನ ಸಾಲಿನಲ್ಲೇ ನನ್ನ ನಾಲ್ಕು ಆಯಿತು.

ಸಮ ಸಾಲೆಲ್ಲ ನಿಮ್ಮದಾದರೆ ಬೆಸ ಸಾಲೆಲ್ಲ ನನ್ನದು ಅಲ್ವಾ. ಬೆಸ ಸಾಲುಗಳಲ್ಲಿ ಕೆಂಪಿಗೆ ಇನ್ನು ನಾಲ್ಕು ಸಾಧ್ಯವೇ ಇಲ್ಲ ಅಂತ ಖಚಿತ ಆದ ಮೇಲೆ ಈ ತಂತ್ರ ಬಹಳ ಒಳ್ಳೆಯದು. ಅದಕ್ಕೆ ಮೊದಲು ಅಲ್ಲ. ವಿಕ್ಟರ್ ಆಲಿಸ್ 1988ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬರೆದ ಪ್ರಬಂಧದಲ್ಲಿ ಈ ತಂತ್ರಕ್ಕೆ ಕ್ಲೇಮ್‌ಈವನ್ ಅಂತ ಹೆಸರಿಟ್ಟಿದ್ದಾರೆ. ಆದರೆ ಅವರು ಅದೊಂದನ್ನೇ ನಂಬಲಿಲ್ಲ. ಅದರ ಜೊತೆಗೆ ಇನ್ನೂ ಹಲವು ನಿಯಮ ಸೇರಿಸಿದ ಮೇಲೇ ಆಟ ಬಿಡಿಸೋಕೆ ಆಗಿದ್ದು.

---

ತಲೆಮೇಲೆ_ತಲೆ

ಏಳನೇ ಬಿಲ್ಲೆಗೇ ಅಂತೀರಾ. ನಾನು ಅಷ್ಟು ಬೇಗ ಶುರು ಮಾಡಲ್ಲ, ಮಧ್ಯದ ಮೇಲೆ ಮಾಡ್ತೀನಿ. ಆದರೂ ಒಪ್ಪಿದೆ, ಕಾಲಮ್ ಬೇರೆ ಆದರೆ ಕೆಳಗಿನ ಸಾಲಿನ ಸೂತ್ರ ನಿಲ್ಲಲ್ಲ.

ಆದರೆ ಒಂದು ಸಂಶಯ. ಕೆಂಪಿಗೆ ಬೆಸ ಬೆದರಿಕೆ ಇದ್ದರೆ ಆಟ ಮುಗಿದೇ ಹೋಯ್ತು ಅನ್ನೋ ಹಾಗಿದೆ ನಿಮ್ಮ ಮಾತು. ಹಳದಿಗೆ ದಾರಿಯೇ ಇಲ್ವಾ?

---

ಏಳು_ಕಾಲಮ್

ಇದೆ. ಹಳದಿ ಬೇರೆ ಕಾಲಮ್‌ನಲ್ಲಿ ತಾನೂ ಒಂದು ಬೆಸ ಬೆದರಿಕೆ ಕಟ್ಟಬೇಕು. ಗೆಲ್ಲೋಕಲ್ಲ, ಕೆಂಪಿನ ಲೆಕ್ಕ ಕೆಡಿಸೋಕೆ.

ಮೇಲಿನ ಹಲಗೆಯಲ್ಲೇ ಮಾವನ ಬೆದರಿಕೆ 1-4ರ ಬದಲು 1-3ರಲ್ಲಿ ಇದೆ ಅಂದುಕೊಳ್ಳಿ. ಒಂದನೇ ಕಾಲಮ್‌ನಲ್ಲಿ ಒಂದೇ ಬಿಲ್ಲೆ, ಏಳನೆಯದರಲ್ಲೂ ಒಂದೇ, ಉಳಿದದ್ದು ಭರ್ತಿ. 32 ಬಿಲ್ಲೆ, ಕೆಂಪಿನ ಸರದಿ. 1-2 ಹಾಕಿದರೆ ಹಳದಿ 1-3 ಇಟ್ಟು ಗೆಲ್ಲುತ್ತೆ. ಹಾಗಾಗಿ ಕೆಂಪು ತನ್ನದೇ ಬೆದರಿಕೆಯ ಕೆಳಗೆ 7-2 ಹಾಕಿ ಅದನ್ನು ಕಳೆದುಕೊಳ್ಳಬೇಕು. ಆ ಕಾಲಮ್‌ನ ಐದು ಮನೆ ತುಂಬಿದ ಮೇಲೆ ಸರದಿ ಹಳದಿಯದ್ದು. 1-2 ಹಳದಿ, 1-3 ಕೆಂಪು ಮುಚ್ಚುತ್ತೆ. ಹಲಗೆ ತುಂಬಿ ಡ್ರಾ.

ಬೆಸ ಬೆದರಿಕೆ ಹಳದಿಗೆ ಒಂಟಿಯಾಗಿದ್ದರೆ ಕೊನೆಯಲ್ಲಿ ಏನೂ ಮಾಡಲ್ಲ. ಕೆಂಪಿನ ಬೆಸದ ಎದುರು ನಿಂತಾಗ ಮಾತ್ರ ಸೋಲನ್ನು ಡ್ರಾ ಮಾಡುತ್ತೆ.

---

ಅಜ್ಜಿಮನೆ_ಪುಟ್ಟ

ನಮ್ಮ ಮನೆಯಲ್ಲಿ ಪಾಪ್ ಔಟ್ ಆಡ್ತೀವಿ. ನಿಮ್ಮ ಸರದಿಯಲ್ಲಿ ಹೊಸ ಬಿಲ್ಲೆ ಹಾಕೋ ಬದಲು ಕೆಳಗಿನ ಸಾಲಿನಿಂದ ನಿಮ್ಮದೇ ಬಣ್ಣದ ಬಿಲ್ಲೆ ಎಳೆದು ತೆಗೀಬಹುದು. ಮೇಲಿನದೆಲ್ಲಾ ಒಂದು ಸಾಲು ಕೆಳಗೆ ಜಾರುತ್ತೆ. ಅಲ್ಲೂ ಈ ಲೆಕ್ಕ ನಡಿಯುತ್ತಾ? ನಾನು ಎಷ್ಟು ಎಣಿಸಿದರೂ ಅಕ್ಕ ಒಂದು ಬಿಲ್ಲೆ ಎಳೆದು ಎಲ್ಲಾ ಉಲ್ಟಾ ಮಾಡ್ತಾಳೆ.

---

ಏಳು_ಕಾಲಮ್

ನಡಿಯಲ್ಲ ಪುಟ್ಟ. ಈ ಲೆಕ್ಕ ನಿಂತಿರುವುದು ಎರಡು ವಿಷಯದ ಮೇಲೆ: ಬಿದ್ದ ಬಿಲ್ಲೆ ಅಲ್ಲೇ ಇರುತ್ತೆ, ಖಾಲಿ ಮನೆ ಪ್ರತಿ ಸರದಿಗೂ ಒಂದು ಕಡಿಮೆ ಆಗುತ್ತೆ. ಬಿಲ್ಲೆ ಎಳೆಯೋಕೆ ಬಿಟ್ಟರೆ ಎರಡೂ ಹೋಯಿತು. ಮೂರನೇ ಸಾಲಿನ ಮೂರು ಬಿಲ್ಲೆಯಲ್ಲಿ ಒಂದು ಎರಡನೇ ಸಾಲಿಗೆ ಜಾರಿದರೆ ಬೆದರಿಕೆಯೇ ಇಲ್ಲ. ಜಾಗ ಮುಗಿದು ಯಾರೂ ಸಿಕ್ಕಿಹಾಕಿಕೊಳ್ಳೋದೂ ಅಪರೂಪ, ಯಾಕಂದ್ರೆ ಎಳೆಯೋಕೆ ಏನಾದರೂ ಇದ್ದೇ ಇರುತ್ತೆ. ಅಲ್ಲಿ ಮುಂದಿನ ಎರಡು ಮೂರು ಸರದಿ ನೋಡಿ ಆಡೋದೇ ಜಾಸ್ತಿ.

---

ಮಲೆನಾಡ್_ಮಳೆ

ಎಣಿಕೆ ಅರ್ಥ ಆಯ್ತು. ಆದರೆ ನಮ್ಮ ಹಲಗೆಯಲ್ಲಿ ಎರಡೂ ಬೆದರಿಕೆ ಕಣ್ಣಿಗೆ ಹೊಡೀತಿತ್ತು. ಆಟದ ಮಧ್ಯದಲ್ಲಿ, ಎಲ್ಲಾ ಕಡೆ ಖಾಲಿ ಇದ್ದಾಗ ಹುಡುಕೋದು ಹೇಗೆ? ಫೋನಿನಲ್ಲಿ ಪೂರ್ತಿ ಪಟ್ಟಿ ಉಳಿದಿದೆ. ಮೊದಲ 17 ಬಿಲ್ಲೆ ಬಿದ್ದ ಕಾಲಮ್‌ಗಳು ಇವು, ಮೊದಲನೆಯದು ಕೆಂಪಿನದ್ದು:

```
5 5 3 4 4 2 3 6 1 1 2 6 2 3 4 4 6
```

ಇದರ ಮುಂದೆ ಮಾವ 6, ಮಗಳು 5 ಹಾಕಿದರು. ಮಗಳ ಆ 5ರಿಂದಲೇ ಮೂರನೇ ಸಾಲಿನ ಮೂರು ಸೇರಿತು.

---

ಏಳು_ಕಾಲಮ್

ಪಟ್ಟಿ ಹಾಕಿದ್ದು ಒಳ್ಳೆಯದಾಯ್ತು. ನಿಜವಾದ ತಿರುವು ಇಲ್ಲೇ ಇದೆ. 17 ಬಿಲ್ಲೆ ಆದ ಮೇಲೆ ಹಲಗೆ ಹೀಗೆ, ಹಳದಿಯ ಸರದಿ:

```
4 | · · · ○ · · ·
3 | · ● ○ ● · ● ·
2 | ○ ● ● ● ○ ○ ·
1 | ● ○ ● ○ ● ○ ·
    1 2 3 4 5 6 7
```

ನಾನು ಹುಡುಕುವ ಕ್ರಮ ಹೇಳ್ತೀನಿ. ಈಗಲೇ ಬಿಲ್ಲೆ ಹಾಕಬಹುದಾದ ಮನೆಗಳನ್ನು ಮೊದಲು ನೋಡಲ್ಲ. ಸದ್ಯಕ್ಕೆ ಕೈಗೆ ಸಿಗದ, ಕೆಳಗೆ ಖಾಲಿ ಇರುವ ಮನೆಗಳನ್ನು ನೋಡ್ತೀನಿ. ಒಂದೊಂದಕ್ಕೂ ಕೇಳಿಕೊಳ್ಳೋದು ಇಷ್ಟೇ: ಇಲ್ಲಿ ಕೆಂಪು ಬಿದ್ದರೆ ನಾಲ್ಕು ಆಗೋಕೆ ಇನ್ನೆಷ್ಟು ಬಾಕಿ? ಹಳದಿ ಬಿದ್ದರೆ?

7-3 ನೋಡಿ. ಎಡಕ್ಕೆ 6-3 ಕೆಂಪು, 5-3 ಖಾಲಿ, 4-3 ಕೆಂಪು. ಒಂದು ಮನೆ ಬಾಕಿ. ಸಾಲು ಮೂರು, ಬೆಸ, ಬಣ್ಣ ಕೆಂಪು. ಇಲ್ಲೇ ಗಂಟೆ ಹೊಡೀಬೇಕು. ಮೂರು ಸೇರಿದ ಮೇಲೆ ಎಲ್ಲರಿಗೂ ಕಾಣುತ್ತೆ. ಎರಡು ಇದ್ದು ನಡುವೆ ತೂತು ಇರುವಾಗಲೇ ಕಾಣಬೇಕು.

ಇನ್ನು ಓರೆ. ಹೆಚ್ಚಿನವರಿಗೆ ತಪ್ಪೋದು ಇದೇ. 3-1, 4-2 ಎರಡೂ ಕೆಂಪು. ಅದೇ ಏರಿಕೆಯಲ್ಲಿ ಮುಂದಿನದು 5-3, ಆಮೇಲೆ 6-4. ಅಂದರೆ ಕೆಂಪು 5-3 ಹಾಕಿದರೆ 6-4ಕ್ಕೂ ಬೆದರಿಕೆ, 7-3ಕ್ಕೂ ಬೆದರಿಕೆ. 6-4 ಆಗಲೇ ಕೈಗೆ ಸಿಗುವ ಮನೆ, ಆರನೇ ಕಾಲಮ್‌ನಲ್ಲಿ ಮೂರು ಬಿದ್ದಿವೆ. ಮಾವನ ಕಣ್ಣಿಗೆ ಇದು ಬಿದ್ದಿರಬೇಕು. ಅದಕ್ಕೇ ಅವರು 6-4 ಮುಚ್ಚಿದರು. ಹತ್ತಿರದ ಅಪಾಯ ಹೋಯಿತು. ಆದರೆ 5-3 ಕೆಂಪಿಗೇ ಸಿಕ್ಕಿತು, 7-3ರ ಬೆಸ ಬೆದರಿಕೆ ಹುಟ್ಟಿತು.

ಅವರು 5-3 ತಾವೇ ಹಾಕಬೇಕಿತ್ತು. ಒಂದೇ ಬಿಲ್ಲೆಯಲ್ಲಿ ಎರಡೂ ದಾರಿ ಬಂದ್.

---

ಕೋಡಿಂಗ್_ಕಾಕಾ

ಒಂದು ತಕರಾರು ಇದೆ. ಹಳದಿ 5-3 ಹಾಕಿದರೆ ಕೆಂಪು ಅದರ ಮೇಲೆ 5-4 ಹಾಕುತ್ತೆ. ಈಗ 3-2, 4-3, 5-4 ಮೂರೂ ಕೆಂಪು, ಓರೆಯಲ್ಲಿ. ಮುಂದಿನ ಮನೆ 6-5. ಐದನೇ ಸಾಲು, ಬೆಸ! 7-3 ತಪ್ಪಿಸೋಕೆ ಹೋಗಿ 6-5 ಕೊಟ್ಟ ಹಾಗಾಯ್ತಲ್ಲ. ಒಂದು ಬೆಸ ಮುಚ್ಚಿ ಇನ್ನೊಂದು ಬೆಸ ತೆರೆದರೆ ಏನು ಲಾಭ?

---

ಏಳು_ಕಾಲಮ್

ಕಾಕಾ, ಒಳ್ಳೆಯ ಕಣ್ಣು. 6-5 ನಿಜವಾದ ಬೆದರಿಕೆಯೇ. ಆದರೆ ಕೆಂಪಿಗೆ 5-4 ಹಾಕೋಕೆ ಪುರುಸೊತ್ತು ಸಿಗಲ್ಲ.

ಹಳದಿ 5-3 ಹಾಕಿದ ಕೂಡಲೇ 4-4, 5-3, 6-2 ಹಳದಿ ಆಗುತ್ತೆ. ಇಳಿಯುವ ಓರೆ. ಮುಂದಿನ ಮನೆ 7-1. ಏಳನೇ ಕಾಲಮ್ ಪೂರ್ತಿ ಖಾಲಿ, ಅಂದರೆ 7-1 ಈಗಲೇ ಸಿಗುವ ಮನೆ. ಕೆಂಪು 5-4 ಹಾಕಿದರೆ ಹಳದಿ 7-1 ಇಟ್ಟು ಗೆದ್ದೇಬಿಡುತ್ತೆ. ಕೆಂಪು 7-1 ಮುಚ್ಚಲೇಬೇಕು. ಮತ್ತೆ ಹಳದಿಯ ಸರದಿ, ಈಗ ಹಳದಿಯೇ 5-4 ಹಾಕಬಹುದು. 6-5ರ ಕಥೆಯೂ ಮುಗಿಯಿತು.

ಅದೇ ಓರೆಯ ಇನ್ನೊಂದು ತುದಿ 3-5. ಅದೂ ಹಳದಿಗೆ ಬೇಕಾದ ಮನೆ, ಬೆಸ ಸಾಲು. ಇನ್ನು ಕೆಂಪು 3-4 ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮೇಲೆ 3-5 ಹಳದಿ.

ಎಲ್ಲಿ ಹಾಕಲಿ ಅಂತ ಯೋಚಿಸುವಾಗ ನಾನು ಈ ಕ್ರಮ ಬಿಡಲ್ಲ. ಮೊದಲು ಎದುರಿನವರನ್ನು ಕಟ್ಟಿಹಾಕುವ ಬಿಲ್ಲೆ ಇದೆಯಾ ಅಂತ ನೋಡ್ತೀನಿ. ಆಮೇಲೆ ಬೆಸ-ಸಮ. ಬೆಸ ಬೆದರಿಕೆ ಎಷ್ಟೇ ಚೆನ್ನಾಗಿದ್ದರೂ ಹಲಗೆ ತುಂಬುವ ತನಕ ಕಾಯಬೇಕು. ಅಷ್ಟರೊಳಗೆ ಇನ್ನೊಬ್ಬರು ಒಟ್ಟಿಗೆ ಎರಡು ಕಡೆ ಹೆದರಿಸಿದರೆ ಆ ಲೆಕ್ಕ ಕೆಲಸಕ್ಕೇ ಬರಲ್ಲ.

---

ಕೋಡಿಂಗ್_ಕಾಕಾ

ಹಳದಿಗೆ 7-1 ಸಿಗೋದು ನನಗೆ ಕಾಣಲೇ ಇಲ್ಲ. ಸರಿ, ಮುಂದೆ ಆಡಿ ನೋಡಿದೆ. ಹಳದಿ 5-3, ಕೆಂಪು 7-1, ಹಳದಿ 5-4. ಈಗ ನಾಲ್ಕನೇ ಸಾಲಿನಲ್ಲಿ ಹಳದಿಗೆ 4-4, 5-4 ಎರಡಿವೆ. ಮುಂದಿನ ಸರದಿಗೆ 3-4 ಹಾಕಿದರೆ 2-4, 6-4, 3-5 ಮೂರು ಕಡೆ ಗೆಲುವು. ಕೆಂಪು ಉಳಿಯೋದೇ ಇಲ್ಲ ಅಲ್ವಾ? 6-4 ಮುಚ್ಚಿದರೆ ಹಳದಿ 3-4, ಆಮೇಲೆ 2-4 ಮತ್ತು 3-5 ಎರಡು ಬಾಗಿಲು. ಒಂದೇ ಮುಚ್ಚೋಕೆ ಆಗೋದು.

---

ಏಳು_ಕಾಲಮ್

ಉಳಿಯಲ್ಲ, ಇನ್ನೂ ಒಂದು ಬೆದರಿಕೆ ಇದೆ. ಐದನೇ ಕಾಲಮ್‌ನಲ್ಲಿ 5-2, 5-3, 5-4 ಮೂರೂ ಹಳದಿ, ಮೇಲೆ 5-5 ಸಿಕ್ಕರೆ ನಾಲ್ಕು. ಕೆಂಪು 6-4 ಹಾಕಿದರೆ ಹಳದಿ 5-5 ಇಟ್ಟು ಆಗಲೇ ಗೆಲ್ಲುತ್ತೆ. 3-4 ಹಾಕಿದರೂ ಸೋಲು, ಮೇಲೆ 3-5. ಇನ್ನು 2-4 ನೋಡಿ. ಎರಡನೇ ಕಾಲಮ್‌ನಲ್ಲಿ 2-2, 2-3 ಎರಡೂ ಕೆಂಪು. 2-4 ಸೇರಿದರೆ ಒಂದರ ಮೇಲೊಂದು ಮೂರು, 2-5 ಬೆದರಿಕೆ. ಆದರೂ ಹಳದಿ 2-5 ಮುಚ್ಚಬೇಕಿಲ್ಲ, 5-5 ಇಟ್ಟು ಮೊದಲೇ ಗೆಲ್ಲುತ್ತೆ. ಹಾಗಾಗಿ ಕೆಂಪು 5-5 ಮುಚ್ಚಲೇಬೇಕು. ಆಗ ಹಳದಿ 3-4, ನೀವು ಹೇಳಿದ ಮೂರು ಬಾಗಿಲೂ ತೆರೆದವು. ಕೆಂಪು ಒಂದನ್ನೇ ಮುಚ್ಚಬಹುದು, 24ನೇ ಬಿಲ್ಲೆಗೆ ಹಳದಿಯ ಗೆಲುವು.

ಇಷ್ಟು ಬಾಗಿಲು ಇಲ್ಲದಿದ್ದರೆ ಮಾತ್ರ ಹಳದಿ 3-4 ಹಾಕಬಾರದು. 3-5 ತನ್ನದೇ ಬೆದರಿಕೆ, ಅದರ ಕೆಳಗೆ ತಾನೇ ಹಾಕಿ ಯಾಕೆ ಕಳೆದುಕೊಳ್ಳಬೇಕು? ಮಲೆನಾಡ್_ಮಳೆ ಅವರ ಮಗಳು 7-2 ಹಾಕಿದ್ದೂ ಇದೇ ಥರ.

---

ತಲೆಮೇಲೆ_ತಲೆ

ಒಂದು ನಿಮಿಷ. 3-5 ಹಳದಿಯದ್ದು, ಐದನೇ ಸಾಲು ಬೆಸ. ಬೆಸ ಬೆದರಿಕೆ ಹಳದಿಗೆ ಒಂಟಿಯಾಗಿದ್ದರೆ ಕೊನೆಯಲ್ಲಿ ಏನೂ ಮಾಡಲ್ಲ ಅಂತ ನೀವೇ ಹೇಳಿದಿರಿ. ಹಾಗಾದರೆ ಕಾಯ್ದುಕೊಂಡು ಏನು ಪ್ರಯೋಜನ?

---

ಏಳು_ಕಾಲಮ್

ಸರಿಯಾದ ಜಾಗದಲ್ಲಿ ಹಿಡಿದಿರಿ. ಬೇರೆ ಎಲ್ಲಾ ತುಂಬಿ ಮೂರನೇ ಕಾಲಮ್ ಮಾತ್ರ ಉಳಿದರೆ ಹಳದಿಯೇ 3-4 ಹಾಕಬೇಕಾಗುತ್ತೆ, ಕೆಂಪು ಮುಚ್ಚುತ್ತೆ. ಅದು ನಿಜ. ಆದರೆ ಅಲ್ಲಿಯ ತನಕ ಎರಡು ಉಪಯೋಗ ಇದೆ. ಕೆಂಪು ಮುಂದೆ ಎಲ್ಲಾದರೂ ಬೆಸ ಬೆದರಿಕೆ ಕಟ್ಟಿದರೆ ಅದಕ್ಕೆ ಇದು ಎದುರು ನಿಲ್ಲುತ್ತೆ. ಮತ್ತೆ 3-4ಕ್ಕೆ ಕೆಂಪು ಕಾಲಿಡುವ ಹಾಗಿಲ್ಲ. ಇನ್ನೊಂದು ಕಾಲಮ್‌ನಲ್ಲೂ ಹಳದಿ ಒಂದು ಬೆಸ ಬೆದರಿಕೆ ಕಟ್ಟಿ, ಕೆಂಪಿಗೆ ಒಂದೂ ಇಲ್ಲದಿದ್ದರೆ, ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ಕೆಂಪು.

  

---

ಬಯಲುಸೀಮೆ

ನನ್ನ ಕಾಲಮ್ ಲೆಕ್ಕ ಬೇರೆ ಅಂತ ಈಗ ಗೊತ್ತಾಯ್ತು. ಆದರೆ ಶುರು ಎಲ್ಲಿಂದ ಮಾಡಬೇಕು ಅನ್ನೋದರಲ್ಲಿ ಕಾಲಮ್ ಮುಖ್ಯ ತಾನೆ? ಈ ಹುಡುಗಿ ಐದರಿಂದ ಶುರು ಮಾಡಿದ್ದಾಳೆ.

---

ಏಳು_ಕಾಲಮ್

ಖಂಡಿತ ಮುಖ್ಯ. 1988ರ ಅಕ್ಟೋಬರ್‌ನಲ್ಲಿ ಜೇಮ್ಸ್ ಡೌ ಅಲೆನ್, ಅದೇ ತಿಂಗಳು ಸ್ವಲ್ಪ ದಿನ ಬಿಟ್ಟು ಆಲಿಸ್, ಬೇರೆ ಬೇರೆಯಾಗಿ ಈ ಆಟ ಬಿಡಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ, ನಡುವಿನ ನಾಲ್ಕನೇ ಕಾಲಮ್‌ನಿಂದ ಶುರು ಮಾಡಿದವರಿಗೆ ಗೆಲುವು. ಮೂರು ಅಥವಾ ಐದರಿಂದ ಶುರು ಮಾಡಿದರೆ ಡ್ರಾ. 1, 2, 6, 7ರಿಂದ ಶುರು ಮಾಡಿದರೆ ಎರಡನೆಯವರು ಗೆಲ್ಲಬಹುದು. ನಿಮ್ಮ ಬೆಸ ಕಾಲಮ್ ಪಟ್ಟಿಯಲ್ಲಿ ನಾಲ್ಕೇ ಇಲ್ಲ ನೋಡಿ.

ನಡುವಿನಿಂದ ಶುರು ಮಾಡಿದಾಗಲೂ ಎದುರಿನವರು ಸರಿಯಾಗಿ ತಡೆದರೆ ಗೆಲುವು 41ನೇ ಬಿಲ್ಲೆಯ ತನಕ ಎಳೆಯುತ್ತೆ. 42ರಲ್ಲಿ 41. ಅಂದರೆ ಹಲಗೆ ಪೂರ್ತಿ ತುಂಬಿ, ಸಿಕ್ಕಿಹಾಕಿಕೊಂಡವರು ಬೇಡದ ಮನೆಗೆ ಹಾಕುವ ತನಕ.

---

ಮಲೆನಾಡ್_ಮಳೆ

ಮಗಳು ಕಾಗದದ ಮೇಲೆ ಹಲಗೆ ಬರೆದುಕೊಂಡು ಕೂತಿದ್ದಾಳೆ. ಕೊನೇ ಹಲಗೆಯಲ್ಲಿ 6-6 ಹಾಕಿ ತನ್ನ ಜೊತೆ ತಾನೇ ಆಡಿದಳು, ಗೆಲುವು ಬಂತು. ಈಗ ಹೊಸ ಪ್ರಶ್ನೆ ಎತ್ತಿದ್ದಾಳೆ. ತಾನು ಕೆಂಪಾಗಿದ್ದು, ಒಂದೇ ಕಾಲಮ್‌ನಲ್ಲಿ ಮೂರನೇ ಸಾಲು ಮತ್ತು ನಾಲ್ಕನೇ ಸಾಲು ಎರಡೂ ತನಗೇ ಬೇಕಾದ ಮನೆಯಾಗಿದ್ದರೆ, ಆಗಲೂ ಕಾಯಬೇಕಾ?

---

ಏಳು_ಕಾಲಮ್

ಬೇಡ. ಒಂದರ ಮೇಲೊಂದು ಎರಡೂ ಅವಳದ್ದೇ ಆದರೆ ಎಣಿಕೆಯೇ ಬೇಡ. ಎರಡನೇ ಸಾಲಿಗೆ ತಾನೇ ಹಾಕಲಿ. ಎದುರಿನವರು ಮೂರನೆಯದು ಮುಚ್ಚಿದರೆ ನಾಲ್ಕನೆಯದು ಅವಳಿಗೆ. ಒಂದೇ ಎಚ್ಚರ: ಎರಡನೇ ಸಾಲಿಗೆ ಹಾಕುವ ಮೊದಲು ಎದುರಿನವರಿಗೆ ಬೇರೆ ಎಲ್ಲಾದರೂ ಆಗಲೇ ಗೆಲ್ಲುವ ಮನೆ ಇದೆಯಾ ನೋಡಿಕೊಳ್ಳಲಿ. ಅವರು ಮೂರನೆಯದರಲ್ಲಿ ಹಾಕಿದ ಬಿಲ್ಲೆಯಿಂದಲೇ ಅವರಿಗೆ ನಾಲ್ಕಾಗುತ್ತಾ ಅಂತಲೂ ನೋಡಲಿ.

---

ಕೋಡಿಂಗ್_ಕಾಕಾ

ನಾನು ಇನ್ನೂ ಆ 17 ಬಿಲ್ಲೆಯ ಹಲಗೆಯಲ್ಲೇ ಇದ್ದೀನಿ, 5-5 ನನಗೆ ಕಾಣಲೇ ಇಲ್ಲ. ಹಳದಿಯ 5-3ರಿಂದ ಮತ್ತೆ ಆಡಿ ನೋಡಬೇಕು.  ಯಾರಾದರೂ ಕೆಂಪಿನ ಕಡೆಯಿಂದ ಆಡಿ ತೋರಿಸಿ, ನಾನು ಹಳದಿ.